ವಿನಾಯಿತಿ ಎಂದರೆ ರಿಯಾಯಿತಿಯಲ್ಲ

‘ನನಗೆ ಎಚ್‌ಆರ್‌ಎಯಲ್ಲಿ ಎಪ್ಪತ್ತೆರಡು ಸಾವಿರ ವಿನಾಯಿತಿ ಸಿಕ್ಕಿತು’ ಎಂದು ಕಾರವಾರದ ಕೋಡಿಬಾಗದ ಗೆಳತಿಯೊಬ್ಬಳು ಸಂಭ್ರಮದಿಂದ ಬರೆದಿದ್ದಳು. ಎಚ್‌ಆರ್‌ಎ ಎಂದರೆ ಸಂಬಳದ ಜೊತೆ ಸಿಗುವ ಮನೆ ಬಾಡಿಗೆ ಭತ್ಯೆ. ಎಪ್ಪತ್ತೆರಡು ಸಾವಿರವೂ ಕೈಗೆ ಬಂದಿದೆ ಎಂದೇ ಅವಳ ನಂಬಿಕೆ. ಈ ತಪ್ಪನ್ನು ಎಷ್ಟನೆಯ ಬಾರಿ ಓದುತ್ತಿದ್ದೇನೋ!

ರಿಯಾಯಿತಿ ಎಂದರೆ ಬೆಲೆಯಲ್ಲಿ ಕಡಿಮೆಯಾಗುವ ಹಣ. ಬಟ್ಟೆ ಅಂಗಡಿಯಲ್ಲಿ ಸಿಗುವುದು ಅದು. ಆದಾಯ ತೆರಿಗೆಯ ವಿನಾಯಿತಿ ಎಂದರೆ ಆದಾಯದ ಒಂದು ಪಾಲನ್ನು ತೆರಿಗೆಯ ಲೆಕ್ಕದಿಂದಲೇ ಹೊರಗಿಡುವುದು. ಶೇ 20ರ ಹಂತದಲ್ಲಿರುವ ಅವಳಿಗೆ 72,000 ಹೊರಗುಳಿದರೆ ಉಳಿತಾಯವಾಗುವ ತೆರಿಗೆ ಸೆಸ್ ಸೇರಿ 14,976 ರೂಪಾಯಿ. ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡಿದ್ದರೆ ಮಾತ್ರ; ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ.

ಆ 72,000 ಬಂದದ್ದು ಎಲ್ಲಿಂದ? ಅವಳದು ಖಾಸಗಿ ಕಂಪನಿ, ತುಟ್ಟಿಭತ್ಯೆ ಇಲ್ಲ. ತಿಂಗಳಿಗೆ ಮೂಲ ವೇತನ 50,000, ಬಾಡಿಗೆ ಭತ್ಯೆ 20,000, ಕೊಡುವ ಬಾಡಿಗೆ 11,000. ವರ್ಷಕ್ಕೆ ಮೂರು ಮೊತ್ತಗಳನ್ನು ಹೋಲಿಸಬೇಕು. ಪಡೆದ ಭತ್ಯೆ 2,40,000. ಕಾರವಾರದ ಮನೆಗೆ ವೇತನದ ಶೇ 40, ಅದೂ 2,40,000. ಮೂರನೆಯದು, ಕೊಟ್ಟ ಬಾಡಿಗೆ 1,32,000ರಲ್ಲಿ ವೇತನದ ಶೇ 10, ಅಂದರೆ 60,000 ಕಳೆದು ಉಳಿದ 72,000. ಮೂರರಲ್ಲಿ ಕಡಿಮೆಯದೇ ವಿನಾಯಿತಿ. ಮಿಕ್ಕ 1,68,000 ರೂಪಾಯಿ ಭತ್ಯೆಗೆ ತೆರಿಗೆ ಇದೆ. ಕಳೆಯಬೇಕಾದದ್ದು ವೇತನದ ಶೇ 10. ಬಾಡಿಗೆಯ ಶೇ 10 ಎಂದು ಓದಿಕೊಂಡು 13,200 ಕಳೆಯುವವರಿಗೂ ಬರವಿಲ್ಲ.

ಇಷ್ಟಾದ ಮೇಲೆ ಅವಳ ತಕರಾರು ನಗರದ ಮೇಲೆ ತಿರುಗಿತು: ‘ಕಂಪನಿ ಮುಂಬೈಯದು, ಶೇ 50 ಬರಬೇಕಲ್ಲವೇ?’ ಮುಂಬೈಯಂಥ ಮಹಾನಗರದ ಮನೆಗೆ ಶೇ 40ರ ಬದಲು ಶೇ 50 ಎಂಬುದು ನಿಜ, ಆದರೆ ಅವಳಿಗೆ ಬರುವುದಿಲ್ಲ. ನೋಡುವುದು ಬಾಡಿಗೆ ಮನೆ ಇರುವ ಊರನ್ನು, ಕಂಪನಿಯ ಊರನ್ನಲ್ಲ. ಅವಳು ಮನೆಯಿಂದಲೇ ಕೆಲಸ ಮಾಡುತ್ತಾಳೆ, ಮನೆ ಕೋಡಿಬಾಗದಲ್ಲಿದೆ. ಅಲ್ಲದೆ ಶೇ 50 ಕೊಟ್ಟರೂ ಅವಳಿಗೆ ಒಂದು ರೂಪಾಯಿಯೂ ಹೆಚ್ಚುವುದಿಲ್ಲ, ಏಕೆಂದರೆ ಕಡಿಮೆ ಮೊತ್ತ ಆಗಲೂ 72,000ವೇ. ಶೇ 40ರ ಮಿತಿ ಅಡ್ಡ ಬರಬೇಕಾದರೆ ಬಾಡಿಗೆ ವೇತನದ ಅರ್ಧವನ್ನು ದಾಟಬೇಕು, ಅಂದರೆ ತಿಂಗಳಿಗೆ 25,000. ಅಷ್ಟು ಬಾಡಿಗೆ ಕೊಡದವರು ನಗರದ ಬಗ್ಗೆ ಜಗಳವಾಡುವುದು ಬರಿದೇ ಉಸಿರು ಹಾಳು.

ಸರ್ಕಾರಿ ನೌಕರರಿಗಾದರೆ ‘ವೇತನ’ ಎಂಬ ಪದದಲ್ಲೇ ಒಂದು ಮುಳ್ಳಿದೆ. ನಿವೃತ್ತಿ ಸೌಲಭ್ಯಕ್ಕೆ ಲೆಕ್ಕಕ್ಕೆ ಬರುವ ತುಟ್ಟಿಭತ್ಯೆ ಅದರೊಳಗೆ ಸೇರುತ್ತದೆ. ಇವಳಂತೆಯೇ 50,000 ಮೂಲ ವೇತನವಿದ್ದು ಅಂಥ ತುಟ್ಟಿಭತ್ಯೆ 25,000 ಇದ್ದರೆ, 11,000 ಬಾಡಿಗೆಯಲ್ಲಿ ಕಳೆಯಬೇಕಾದದ್ದು 5,000 ಅಲ್ಲ, 7,500. ತಿಂಗಳಿಗೆ 6,000 ಎಂದುಕೊಂಡಿದ್ದ ಮೊತ್ತ 3,500ಕ್ಕೆ ಇಳಿಯುತ್ತದೆ. ತುಟ್ಟಿಭತ್ಯೆ ಏರಿದ ಖುಷಿಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ.