ರಿಟರ್ನ್ ಸಲ್ಲಿಸಿದ ಮೇಲೆ ಸಾಫ್ಟ್‌ವೇರ್ ಚಂದಾ ನಿಲ್ಲಿಸಿದರೆ ಹಳೆಯ ಲೆಕ್ಕ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ಹಾರ್ಡ್‌ವೇರ್ ಅಂಗಡಿ. 2024-25ರ ಜಿಎಸ್‌ಟಿ ಕೆಲಸ ಮುಗಿದಿದೆ. ಆನ್‌ಲೈನ್ ಲೆಕ್ಕದ ಸಾಫ್ಟ್‌ವೇರಿನ ಚಂದಾ ನಿಲ್ಲಿಸಬೇಕೆಂದಿದ್ದೇನೆ. ಮುಂದೆ ಆಡಿಟ್ ಬಂದರೆ ಏನು ಗತಿ?

ಉತ್ತರ: ಚಂದಾ ನಿಲ್ಲಿಸಬಹುದು, ಆದರೆ ಲೆಕ್ಕ ನಿಮ್ಮ ಕೈಗೆ ಬಂದ ಮೇಲೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2024-25ಕ್ಕೆ ಆ ದಿನ 2025ರ ಡಿಸೆಂಬರ್ 31 ಆದ್ದರಿಂದ, ನಿಮ್ಮ ಹೊಣೆ 2031ರ ಡಿಸೆಂಬರ್ 31ರವರೆಗೆ ಇರುತ್ತದೆ. ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಮುಂದಕ್ಕೆ ಹೋಗಬಹುದು. ಚಂದಾ ಮುಗಿದ ಮೇಲೆ ಕಂಪನಿ ಎಷ್ಟು ದಿನ ನೋಡಲು ಬಿಡುತ್ತದೆ ಎಂಬುದು ಅದರ ಷರತ್ತಿಗೆ ಬಿಟ್ಟದ್ದು. ಕಾಯ್ದೆ ಕೇಳುವುದು ನಿಮ್ಮನ್ನು.

ರಿಟರ್ನ್ ಪೋರ್ಟಲ್‌ನಲ್ಲಿ ಇದೆಯಲ್ಲ ಎಂದು ಹಲವರು ನಿಶ್ಚಿಂತರಾಗುತ್ತಾರೆ. ಅಲ್ಲಿರುವುದು ನೀವು ಸಲ್ಲಿಸಿದ ಅಂಕಿಗಳು ಮಾತ್ರ. ಕೌಂಟರಿನಲ್ಲಿ ಗಿರಾಕಿಗಳಿಗೆ ಮಾರಿದ ಸಣ್ಣ ಬಿಲ್ಲುಗಳು ಜಿಎಸ್‌ಟಿಆರ್-1ರಲ್ಲಿ ಒಟ್ಟು ಮೊತ್ತವಾಗಿ ಸೇರಿರುತ್ತವೆ. ಒಂದೊಂದೇ ಬಿಲ್ಲು, ವೋಚರ್, ದಾಸ್ತಾನಿನ ಲೆಕ್ಕ ಸಾಫ್ಟ್‌ವೇರಿನೊಳಗೇ ಉಳಿದಿರುತ್ತವೆ. ಅಧಿಕಾರಿ ಕೇಳುವುದು ಹೆಚ್ಚಾಗಿ ಇವನ್ನೇ.

ಆದ್ದರಿಂದ ಲೆಡ್ಜರ್, ಡೇ ಬುಕ್, ಟ್ರಯಲ್ ಬ್ಯಾಲೆನ್ಸ್, ಮಾರಾಟ ಮತ್ತು ಖರೀದಿ ರಿಜಿಸ್ಟರುಗಳು, ದಾಸ್ತಾನಿನ ವರದಿ, ಇಷ್ಟನ್ನೂ ಎಕ್ಸೆಲ್ ಮತ್ತು ಪಿಡಿಎಫ್ ಎರಡರಲ್ಲೂ ಇಳಿಸಿಕೊಳ್ಳಿ. ಸಾಫ್ಟ್‌ವೇರಿನದೇ ಬ್ಯಾಕಪ್ ಫೈಲ್ ಒಂದನ್ನೇ ನಂಬಬೇಡಿ. ಅದು ಹಲವು ಸಲ ಅದೇ ಸಾಫ್ಟ್‌ವೇರಿನಲ್ಲಷ್ಟೇ ತೆರೆಯುತ್ತದೆ. ವೋಚರಿಗೆ ಅಂಟಿಸಿದ ಖರೀದಿ ಬಿಲ್ಲುಗಳ ಚಿತ್ರಗಳು ವರದಿಯ ಜೊತೆಗೆ ಬರದೇ ಹೋಗುವುದು ಸಾಮಾನ್ಯವಾದ್ದರಿಂದ ಅವನ್ನು ಬೇರೆಯಾಗಿಯೇ ಇಳಿಸಬೇಕಾದೀತು. ಫೈಲಿಗೆ ಪಾಸ್‌ವರ್ಡ್ ಹಾಕಿದ್ದರೆ ಬರೆದಿಡಿ, ಏಕೆಂದರೆ ಅಧಿಕಾರಿ ಕೇಳಿದಾಗ ಅದನ್ನೂ ಕೊಡಬೇಕೆಂದು ಜಿಎಸ್‌ಟಿಯ 57ನೇ ನಿಯಮ ಹೇಳುತ್ತದೆ.

ಇಳಿಸಿದ್ದು ಪೂರ್ಣವಾಗಿದೆಯೇ ಎಂದು ನೋಡುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಉದಾಹರಣೆಗೆ, ವರ್ಷದ ಹನ್ನೆರಡು ಜಿಎಸ್‌ಟಿಆರ್-3ಬಿಗಳಲ್ಲಿ ತೋರಿಸಿದ ಮಾರಾಟ ಒಟ್ಟು ₹84,60,000 ಇದ್ದು, ಎಕ್ಸೆಲ್‌ನ ಮಾರಾಟ ರಿಜಿಸ್ಟರಿನಲ್ಲಿ ₹77,85,000 ಮಾತ್ರ ಬಂತೆನ್ನಿ. ಕೊರತೆ ₹6,75,000. ಮಾರ್ಚ್ ತಿಂಗಳ 3ಬಿ ತೆಗೆದು ನೋಡಿದರೆ ಅಲ್ಲಿಯೂ ಅದೇ ಮೊತ್ತ: ಇಳಿಸುವಾಗ ದಿನಾಂಕವನ್ನು ಫೆಬ್ರುವರಿ 28ಕ್ಕೇ ನಿಲ್ಲಿಸಿದ್ದರಿಂದ ಮಾರ್ಚ್ ಇಡೀ ಬಿಟ್ಟುಹೋಗಿದೆ. ಚಂದಾ ಇರುವಾಗ ಇದು ಎರಡು ನಿಮಿಷದ ಕೆಲಸ. ಬಳಿಕ ಯಾವುದಾದರೂ ಮೂರು ಖರೀದಿ ನಮೂದುಗಳನ್ನು ಆರಿಸಿ, ಲೆಡ್ಜರಿನಿಂದ ಬಿಲ್ಲಿನ ಚಿತ್ರದವರೆಗೆ ಹೋಗಲು ಆಗುತ್ತದೆಯೇ ಎಂದು, ಸಾಫ್ಟ್‌ವೇರ್ ಇಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ನೋಡಿ.

ಕೊನೆಗೆ ಚಂದಾ. ಯುಪಿಐ ಆಟೋಪೇ ರದ್ದು ಮಾಡಿದರೆ ಹಣ ಕಡಿತವಷ್ಟೇ ನಿಲ್ಲುತ್ತದೆ. ಸಾಫ್ಟ್‌ವೇರಿನ ಒಳಗೂ ರದ್ದತಿ ಕೋರಿ, ಹಳೆಯ ದತ್ತಾಂಶವನ್ನು ಯಾವ ದಿನ ಅಳಿಸುತ್ತೀರಿ ಎಂದು ಇಮೇಲಿನಲ್ಲಿ ಕೇಳಿ, ಬಂದ ಉತ್ತರವನ್ನು ಅದೇ ಫೋಲ್ಡರಿನಲ್ಲಿ ಇಡಿ. ಆ ಫೋಲ್ಡರಿನ ಒಂದು ಪ್ರತಿ ಅಂಗಡಿಯ ಪೆನ್‌ಡ್ರೈವಿನಲ್ಲಿ, ಇನ್ನೊಂದು ನಿಮ್ಮ ಆಡಿಟರ ಬಳಿ ಇರಲಿ.