ಯಾರೂ ವಿವರಿಸದ ಸಾಕ್ಷ್ಯಚಿತ್ರವನ್ನು ನೋಡುವುದು ಹೇಗೆ?

ಪ್ರಶ್ನೆ: ಸಾಕ್ಷ್ಯಚಿತ್ರ ಅಂದ್ರೆ ಹಿನ್ನೆಲೆಯಲ್ಲಿ ಯಾರಾದರೂ ವಿವರಿಸುತ್ತಾ ಹೋಗ್ತಾರೆ ಅಂದ್ಕೊಂಡಿದ್ದೆ. ಕೆಲವದರಲ್ಲಿ ವಿವರಣೆಯೇ ಇಲ್ಲ, ಕೆಲವದರಲ್ಲಿ ನಿರ್ದೇಶಕರು ತಮ್ಮದೇ ಕತೆ ಹೇಳ್ತಾರೆ. ಎಲ್ಲಿಂದ ಶುರು ಮಾಡಲಿ? (ಶಿರಸಿಯ ಓದುಗರು)

ಉತ್ತರ: ಶಿರಸಿಯವರು ಅಂದಮೇಲೆ ಜೇನಿನಿಂದಲೇ ಶುರು ಮಾಡಿ. ‘ಹನಿಲ್ಯಾಂಡ್’ (2019) ಉತ್ತರ ಮ್ಯಾಸಿಡೋನಿಯದ ಚಿತ್ರ. ಹತೀಜೆ ಎಂಬ ಹೆಂಗಸು ಬೆಟ್ಟದ ಅಂಚಿನಲ್ಲಿ ನಡೆದುಹೋಗಿ ಬಂಡೆಯ ಒಂದು ಕಲ್ಲು ಸರಿಸುತ್ತಾಳೆ. ಒಳಗೆ ಜೇನು ತಟ್ಟಿ. ಅವಳ ಲೆಕ್ಕ ಸರಳ: ಅರ್ಧ ತನಗೆ, ಅರ್ಧ ಹುಳಗಳಿಗೆ. ಆಮೇಲೆ ಪಕ್ಕಕ್ಕೆ ಹುಸೇನನ ದೊಡ್ಡ ಸಂಸಾರ ಬಂದು ಬಿಡಾರ ಹೂಡುತ್ತದೆ. ಅವನೂ ಜೇನು ಸಾಕುತ್ತಾನೆ. ವ್ಯಾಪಾರಿ ‘ಇನ್ನೂ ಬೇಕು’ ಅಂತ ಒತ್ತಾಯ ಮಾಡಿದಾಗ ತಟ್ಟಿ ಬರಿದು ಮಾಡುತ್ತಾನೆ. ಹಸಿದ ಹುಳಗಳು ಹತೀಜೆಯ ಗೂಡುಗಳ ಮೇಲೆ ಬೀಳುತ್ತವೆ. ಜೇನುಪೆಟ್ಟಿಗೆ ಇಟ್ಟವರಿಗೆ ಮುಂದಿನದು ಹೇಳಬೇಕಿಲ್ಲ.

ಇದು ಅವಲೋಕನದ ಶೈಲಿ. ನಿರೂಪಕರಿಲ್ಲ, ಕ್ಯಾಮೆರಾ ಎದುರು ಕೂತು ಉತ್ತರ ಕೊಡುವವರೂ ಇಲ್ಲ. ಹಾಗಂತ ನಿರ್ದೇಶಕರಿಗೆ ಅಭಿಪ್ರಾಯವಿಲ್ಲ ಅಂತಲ್ಲ. ಮೂರು ವರ್ಷ ಚಿತ್ರೀಕರಿಸಿದ ಸುಮಾರು 400 ಗಂಟೆಯ ದೃಶ್ಯಗಳು ಒಂದೂವರೆ ಗಂಟೆಗೆ ಇಳಿದಿವೆ. ಏನು ಉಳಿಯಿತು, ಯಾವುದರ ಪಕ್ಕ ಯಾವುದು ಬಂತು ಅನ್ನುವುದರಲ್ಲೇ ಅವರ ಮಾತಿದೆ. ಹುಸೇನನನ್ನು ಸುಲಭವಾಗಿ ಖಳನಾಯಕ ಮಾಡಬಹುದಿತ್ತು. ಆದರೆ ಅವನ ಮಕ್ಕಳ ಹೊಟ್ಟೆಪಾಡು, ಹತೀಜೆಯ ಪರವಾಗಿ ಅಪ್ಪನ ಜೊತೆ ವಾದಕ್ಕಿಳಿಯುವ ಮಗ, ಎರಡನ್ನೂ ಉಳಿಸಿಕೊಂಡಿದ್ದಾರೆ. ಇಂಥ ಚಿತ್ರ ನೋಡುವಾಗ ‘ಈ ದೃಶ್ಯ ಇಲ್ಲೇ ಯಾಕೆ?’ ಅಂತ ಕೇಳಿಕೊಳ್ಳಿ. ಮೊದಲ ಹದಿನೈದು ನಿಮಿಷ ಏನೂ ನಡೆಯುತ್ತಿಲ್ಲ ಅನ್ನಿಸಿದರೆ ಗಾಬರಿ ಬೇಡ, ಮೊಬೈಲ್ ಮಾತ್ರ ದೂರ ಇಡಿ.

ನೀವು ಹೇಳಿದ ಇನ್ನೊಂದು ಬಗೆ ಪ್ರಬಂಧ ಚಿತ್ರ. ಅದರಲ್ಲಿ ನಿರ್ದೇಶಕರೇ ಎದುರಿಗೆ ಬಂದು ಮಾತಾಡುತ್ತಾರೆ. ಫ್ರೆಂಚ್ ನಿರ್ದೇಶಕಿ ಆನ್ಯೆಸ್ ವಾರ್ದಾ ಅವರ ‘ದಿ ಗ್ಲೀನರ್ಸ್ ಅಂಡ್ ಐ’ (2000) ನೋಡಿ. ಫ್ರಾನ್ಸಿನಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಹಕ್ಕಲು ಆಯುವವರು, ಮಾರ್ಕೆಟ್ಟಿನಲ್ಲಿ ಬಿಸಾಡಿದ್ದನ್ನು ಹೆಕ್ಕಿ ತಿನ್ನುವವರು ಅವರ ವಿಷಯ. ನಡುವೆ ಸಣ್ಣ ಕ್ಯಾಮೆರಾವನ್ನು ತಮ್ಮದೇ ಸುಕ್ಕುಗಟ್ಟಿದ ಕೈಯತ್ತ ತಿರುಗಿಸುತ್ತಾರೆ. ಕ್ಯಾಮೆರಾ ಆಫ್ ಮಾಡಲು ಮರೆತಾಗ ಲೆನ್ಸಿನ ಮುಚ್ಚಳ ತೂಗಾಡಿದ್ದನ್ನೂ ಕತ್ತರಿಸದೆ, ಸಂಗೀತ ಹಾಕಿ ಕುಣಿಸಿದ್ದಾರೆ! ಬಡತನದ ಚಿತ್ರದಲ್ಲಿ ಇದೆಲ್ಲ ಯಾಕೆ ಅನ್ನಿಸಬಹುದು. ಬಿಸಾಡಿದ್ದನ್ನು ಎತ್ತಿಕೊಳ್ಳುವವರ ಸಾಲಿನಲ್ಲಿ ಅವರು ತಮ್ಮನ್ನೂ ಸೇರಿಸಿಕೊಂಡಿದ್ದಾರೆ, ಅಲ್ವಾ? ಈ ಶೈಲಿಯಲ್ಲಿ ಕೆಟ್ಟ ಚಿತ್ರಗಳೂ ಜಾಸ್ತಿ. ವಿಷಯ ಸವೆದು ಬರೀ ‘ನಾನು’ ಉಳಿದರೆ ಸುಮ್ನೆ ಎದ್ದುಬಿಡಿ.

ಸಮುದ್ರದ ಕಡೆಯ ಸಾಮಾಜಿಕ ವಿಷಯ ಬೇಕಾದರೆ ಸರ್ವ್‌ನಿಕ್ ಕೌರ್ ಅವರ ‘ಅಗೇನ್‌ಸ್ಟ್ ದಿ ಟೈಡ್’ (2023). ಮುಂಬೈನ ಕೋಳಿ ಸಮುದಾಯದ ಇಬ್ಬರು ಮೀನುಗಾರರು ಗೆಳೆಯರು. ಒಬ್ಬ ದಡದ ಹತ್ತಿರ ಹಳೆ ಪದ್ಧತಿಯಲ್ಲಿ ಮೀನು ಹಿಡಿಯುತ್ತಾನೆ. ಇನ್ನೊಬ್ಬ ಸಾಲ ಮಾಡಿ ಆಳಸಮುದ್ರಕ್ಕೆ ಹೋದವನು, ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವ ಪದ್ಧತಿಯತ್ತ ವಾಲುತ್ತಾನೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ಲೈಟ್ ಫಿಶಿಂಗ್ ಜಗಳ ಕೇಳಿದವರಿಗೆ ಇಲ್ಲಿ ಯಾವ ವಿವರಣೆಯೂ ಬೇಕಾಗುವುದಿಲ್ಲ. ಇದನ್ನು ಮನೆಯ ಹಿರಿಯರ ಜೊತೆ ಕೂತು ನೋಡಿ, ಯಾರ ಪರ ಅಂತ ವಾದ ಶುರುವಾಗುತ್ತದೆ.