ಘಟಪ್ರಭೆಯಲ್ಲಿ ಬಂಗಡೆ ಎಲ್ಲಿಂದ ಬಂತು?

ಘಟಪ್ರಭಾ ನದಿಯಲ್ಲಿ ಯಾವ ಮೀನುಗಳಿವೆ ಅಂತ, ಅವು ನೀರಿನಲ್ಲಿ ಬಿಟ್ಟ ಡಿಎನ್‌ಎಯಿಂದ ಹುಡುಕುತ್ತಿದ್ದೆವು. ದಡದ ಒಂದು ಊರಿನ ಕೆಳಗೆ ನಾವು ನೀರು ತುಂಬಿದ ಮೂರೂ ಬಾಟಲಿಗಳಲ್ಲಿ ಬಂಗಡೆಯ ಡಿಎನ್‌ಎ ಸಿಕ್ಕಿತು. ಬಂಗಡೆ ಸಮುದ್ರದ ಮೀನು. ಹಾಗಂತ ಲ್ಯಾಬ್ ತಪ್ಪಿತ್ತು ಅಂತ ಅಲ್ಲ.

ಮೊದಲು ಬಲೆ ಬೀಸಿ, ಸಿಕ್ಕಿದ್ದನ್ನು ಎಣಿಸುತ್ತಿದ್ದರು. 2008ರಲ್ಲಿ ಫ್ರಾನ್ಸ್‌ನ ಕೊಳಗಳ ನೀರಿನಿಂದಲೇ ಅಲ್ಲಿ ಬುಲ್‌ಫ್ರಾಗ್ ಕಪ್ಪೆ ಇರುವುದನ್ನು ಪತ್ತೆಹಚ್ಚಿದರು. 2015ರಲ್ಲಿ ಜಪಾನಿನ ತಂಡವೊಂದು MiFish ಪ್ರೈಮರ್ ತಂದಿತು, ಅಂದರೆ ಮೀನುಗಳ ಡಿಎನ್‌ಎಯನ್ನೇ ಹುಡುಕಿ ನಕಲು ಮಾಡಲು ಬೇಕಾದ ಚಿಕ್ಕ ಡಿಎನ್‌ಎ ತುಣುಕುಗಳು. ಅಲ್ಲಿಂದ ಒಂದು ಬಾಟಲಿ ನೀರಿಗೆ ಉದ್ದನೆಯ ಮೀನಿನ ಪಟ್ಟಿ ಬರತೊಡಗಿತು. ಆ ಪಟ್ಟಿಯನ್ನು ಎಷ್ಟು ನಂಬಬೇಕು ಅನ್ನೋ ಜಗಳವೂ ಶುರುವಾಯಿತು.

ನಮ್ಮ ಬಂಗಡೆಗೆ ಬರೋಣ. ಶುದ್ಧ ನೀರಿನ ಒಂದು ಬಾಟಲಿಯನ್ನೂ ದಡಕ್ಕೆ ಒಯ್ದು, ಅದೇ ಪಂಪಿನಲ್ಲಿ ಸೋಸಿದ್ದೆವು. ಇದಕ್ಕೆ ಫೀಲ್ಡ್ ಬ್ಲ್ಯಾಂಕ್ ಅನ್ನುತ್ತಾರೆ. ಅದರಲ್ಲಿ ಬಂಗಡೆ ಇರಲಿಲ್ಲ. ಅಂದರೆ ನಮ್ಮ ಕೈಯಿಂದ, ಕೈಗವಸಿನಿಂದ ಬಂದದ್ದಲ್ಲ. ನದಿ ಊರು ಮುಟ್ಟುವ ಮೊದಲು ತೆಗೆದ ನೀರಿನಲ್ಲೂ ಇಲ್ಲ. ನಡುವೆ ಇದ್ದದ್ದು ಮೀನು ಮಾರುವ ಜಾಗದ ಗಟಾರ. ಐಸ್ ಕರಗಿದ ನೀರು, ಮೀನು ತೊಳೆದ ನೀರು ಎಲ್ಲ ನದಿಗೇ ಇಳಿಯುತ್ತದೆ. ಡಿಎನ್‌ಎ ನಿಜ, ನದಿಯಲ್ಲಿ ಬಂಗಡೆ ಇಲ್ಲ.

ಇಂಥದ್ದನ್ನು ಸುಮ್ನೆ ಅಳಿಸಿಬಿಡುವ ರೂಢಿ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಅದೇ ಕಟ್ಟೆಯ ಮೇಲೆ ಕೆರೆಯಲ್ಲಿ ಸಾಕಿದ ರೋಹು, ಕಾಟ್ಲಾ ಕೂಡ ಕತ್ತರಿಸುತ್ತಾರೆ ಅಲ್ವಾ? ಬಂಗಡೆ ಬಂದ ದಾರಿಯಲ್ಲೇ ಅವೂ ಬಂದಿರಬಹುದು. ಬಂಗಡೆಯನ್ನು ಅಳಿಸಿದರೆ ರೋಹುವಿನ ಮೇಲಿನ ಅನುಮಾನವೂ ಅಳಿದುಹೋಗುತ್ತದೆ. ಅದಕ್ಕೇ ನಮ್ಮ ವರದಿಯ ವಿಧಾನದ ಭಾಗದಲ್ಲಿ ಹೀಗೆ ಬರೆದೆವು: ಸಮುದ್ರದ ಮೀನು ಸಿಕ್ಕ ಜಾಗದಲ್ಲಿ, ಮಾರುಕಟ್ಟೆಗೆ ಬರುವ ಸಿಹಿನೀರಿನ ಮೀನುಗಳನ್ನು 'ಖಚಿತವಿಲ್ಲ' ಎಂದು ಬೇರೆ ಇಟ್ಟಿದ್ದೇವೆ.

ಇದರ ಉಲ್ಟಾ ಕಥೆ ಬಾಳೆ ಮೀನಿನದು. ಮಳೆಗಾಲದಲ್ಲಿ ಮೀನುಗಾರರ ಬಲೆಗೆ ಅದು ಬಿದ್ದಿತ್ತು, ನಮ್ಮ ಬಾಟಲಿಯಲ್ಲಿ ಮಾತ್ರ ಇರಲಿಲ್ಲ. ನೀರು ಕೆಂಪು ರಾಡಿ. ಒಂದು ಲೀಟರ್ ಸೋಸಬೇಕಾದಲ್ಲಿ 150 ಮಿಲಿಲೀಟರ್‌ಗೇ ಫಿಲ್ಟರ್ ಕಟ್ಟಿಕೊಂಡಿತು. ಮಣ್ಣಿನ ಜೊತೆ ಬರುವ ಕೆಲವು ವಸ್ತುಗಳು, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಅನ್ನೇ ತಡೆಯುತ್ತವೆ. ಅದನ್ನು ಪರೀಕ್ಷಿಸಲು ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ನೋಡಬೇಕು. ಆಗ ತಡೆಯುವ ವಸ್ತುವೂ ತೆಳುವಾಗುತ್ತದೆ. ತೆಳು ಮಾಡಿದ್ದೇ ಚೆನ್ನಾಗಿ ಬಂದರೆ ತಡೆ ಇತ್ತು ಅಂತ ಅರ್ಥ.

ಪಿಸಿಆರ್ ಎಷ್ಟು ಸಲ ಮಾಡಿದೆವು ಅನ್ನುವುದೂ ಮುಖ್ಯ. ಬಾಟಲಿಗೆ ಬಿದ್ದ ಅಲ್ಪ ಡಿಎನ್‌ಎ ಒಂದು ಸಲಕ್ಕೆ ಸಿಗುವ ಸಾಧ್ಯತೆ 30% ಅಂತ ಇಟ್ಟುಕೊಳ್ಳಿ. ಮೂರು ಸಲವೂ ತಪ್ಪಿಹೋಗುವ ಸಾಧ್ಯತೆ 34%. ಎಂಟು ಸಲ ಮಾಡಿದರೆ ಅದು ಸುಮಾರು 6%ಗೆ ಇಳಿಯುತ್ತದೆ. ಆದರೆ ಡಿಎನ್‌ಎ ಬಾಟಲಿಗೇ ಬಿದ್ದಿರದಿದ್ದರೆ ನೂರು ಸಲ ಮಾಡಿದರೂ ಅಷ್ಟೇ. ಆಗ ಬೇಕಾದದ್ದು ಜಾಸ್ತಿ ಬಾಟಲಿ.

ನಮ್ಮ ಕೋಷ್ಟಕದಲ್ಲಿ ಈಗ ಪ್ರತಿ ಬಾಟಲಿಯ ಎದುರು ಎಷ್ಟು ನೀರು ಸೋಸಿತು ಅನ್ನುವುದೂ ಇದೆ. ಆ 150 ಮಿಲಿಲೀಟರ್ ಬಾಟಲಿಯ ಸಾಲಿನಲ್ಲಿ, ಬಾಳೆ ಮೀನಿನ ಕೆಳಗೆ, 'ಇಲ್ಲ' ಅಂತ ಬರೆದಿಲ್ಲ. 'ಸಿಗಲಿಲ್ಲ' ಅಂತ ಬರೆದಿದ್ದೇವೆ.